ಹಾಲಾದರೆ ಫ್ರೀಜರ್‌ಗೆ, ಮೊಸರಾದರೆ ಹೆಪ್ಪಿಗಾಗುವಷ್ಟು ಮಾತ್ರ

ಕಳೆದ ಶ್ರಾವಣದಲ್ಲಿ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದೆವು. ನಲವತ್ತು ಜನರ ಲೆಕ್ಕ ಹಾಕಿ ಹಾಲು ಮೊಸರು ತರಿಸಿದ್ದೆ. ಮಧ್ಯಾಹ್ನ ಮೂರರಿಂದ ಶುರುವಾದ ಮಳೆ ರಾತ್ರಿ ಎಂಟಾದರೂ ಬಿಡಲಿಲ್ಲ, ಬಂದವರು ಇಪ್ಪತ್ತು ಜನ. ಕೊನೆಗೆ ಬಾಯಿ ಕತ್ತರಿಸದ ಅರ್ಧ ಲೀಟರಿನ ಆರು ಹಾಲಿನ ಪ್ಯಾಕೆಟ್ ಮತ್ತು ಒಂದೂವರೆ ಲೀಟರಿನಷ್ಟು ಗಟ್ಟಿ ಮೊಸರು ಉಳಿಯಿತು. ಮರುದಿನ ಬೆಳಿಗ್ಗೆ ನಾವು ಹಾಸನಕ್ಕೆ ಹೊರಡಬೇಕಿತ್ತು. ಅಕ್ಕಪಕ್ಕದ ಮನೆಗೆ ಎರಡು ಪ್ಯಾಕೆಟ್ ಕೊಟ್ಟು, ಉಳಿದ ಹಾಲು ಮೊಸರು ಎರಡನ್ನೂ ಫ್ರೀಜರ್‌ಗೆ ಹಾಕಿ ಹೊರಟೆ.

ಎಂಟು ದಿನ ಬಿಟ್ಟು ಬಂದಾಗ ಹಾಲು ಹೆಚ್ಚು ತಕರಾರಿಲ್ಲದೆ ಕಾಫಿಗೆ ಹೋಯಿತು. ಮೊಸರಿನ ಡಬ್ಬ ಕರಗಿದ ಮೇಲೆ ಅತ್ತೆ ಸೌಟು ಹಾಕಿ ನೋಡಿ, "ಇದೇನೇ, ರವೆಗೆ ನೀರು ಹಾಕಿ ಕಲಸಿಟ್ಟ ಹಾಗಿದೆ? ಕೆಟ್ಟುಹೋಯ್ತಾ?" ಎಂದರು. ಮೂಸಿದರೆ ಕೆಟ್ಟ ವಾಸನೆಯಿಲ್ಲ, ನಾಲಿಗೆಗೆ ಹಾಕಿದರೆ ಹುಳಿಯೂ ಹೆಚ್ಚಾಗಿಲ್ಲ. ಹದ ಮಾತ್ರ ಪೂರ್ತಿ ಹೋಗಿತ್ತು. ಆಮೇಲೆ ಒಂದು ವರ್ಷ ಬೇರೆಬೇರೆ ಹಾಲು, ಬೇರೆಬೇರೆ ಡಬ್ಬ ಇಟ್ಟು ನೋಡುತ್ತ ಬಂದೆ. ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ನಿಂತಿದೆ. ಉಳಿಸಬೇಕಾದ್ದನ್ನು ಹಾಲಾಗಿಯೇ ಉಳಿಸುತ್ತೇನೆ. ಮೊಸರನ್ನು ಹೆಪ್ಪಿಗೆ ಬೇಕಾಗುವಷ್ಟು ಮಾತ್ರ ಫ್ರೀಜ್ ಮಾಡುತ್ತೇನೆ. ಊರಿಂದ ಬಂದ ಮೇಲೆ ಆ ಹಾಲಿಗೆ ಆ ಹೆಪ್ಪು ಹಾಕಿದರೆ ಹೊಸ ಮೊಸರು ಸಿಗುತ್ತದೆ.

ಎರಡೂ ಹೆಪ್ಪುಗಟ್ಟುವುದೇ, ಆದರೆ ಬೇರೆಬೇರೆ ರೀತಿಯಲ್ಲಿ

ನಮ್ಮ ಭಾಷೆಯಲ್ಲಿ ನೀರು ಮಂಜುಗಡ್ಡೆಯಾದರೂ ಹೆಪ್ಪುಗಟ್ಟಿತು ಎನ್ನುತ್ತೇವೆ, ಹಾಲು ಮೊಸರಾದರೂ ಹೆಪ್ಪುಗಟ್ಟಿತು ಎನ್ನುತ್ತೇವೆ. ಈ ಎರಡು ಹೆಪ್ಪುಗಳು ಒಂದರ ಮೇಲೊಂದು ಬಿದ್ದಾಗ ಮೊದಲನೆಯದು ಎರಡನೆಯದನ್ನು ಮುರಿಯುತ್ತದೆ. ಮೊಸರಿನ ಸಮಸ್ಯೆಯೆಲ್ಲ ಅಲ್ಲೇ ಇದೆ.

ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ಉಳಿದದ್ದು ಕೊಬ್ಬು, ಪ್ರೋಟೀನು, ಹಾಲಿನ ಸಕ್ಕರೆ ಮತ್ತು ಲವಣ. ಹಾಲು ಗಡ್ಡೆಯಾಗಲು ಶುರುವಾಗುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಮೊದಲು ಗಟ್ಟಿಯಾಗುವುದು ಬರೀ ನೀರು. ಅದು ಸೂಜಿಯಂಥ ಹರಳುಗಳಾಗಿ ಬೆಳೆಯುತ್ತ ಹೋದ ಹಾಗೆ ಉಳಿದ ಸ್ವಲ್ಪ ನೀರಿನಲ್ಲಿ ಸಕ್ಕರೆ, ಲವಣ, ಪ್ರೋಟೀನು ಒತ್ತೊತ್ತಾಗಿ ಸೇರಿಕೊಳ್ಳುತ್ತವೆ. ಆದರೂ ಅವೆಲ್ಲ ನೀರಿನಲ್ಲಿ ತೇಲಾಡಿಕೊಂಡಿದ್ದ ಬಿಡಿ ಕಣಗಳು. ಗಡ್ಡೆ ಕರಗಿ ಒಮ್ಮೆ ಚೆನ್ನಾಗಿ ಕುಲುಕಿದರೆ ಹೆಚ್ಚಿನವು ತಿರುಗಿ ಬೆರೆಯುತ್ತವೆ.

ಮೊಸರಿನ ಕಥೆ ಬೇರೆ. ಅಲ್ಲಿ ಹಾಲಿನ ಪ್ರೋಟೀನು ಹುಳಿಯಿಂದಾಗಿ ಒಂದಕ್ಕೊಂದು ಅಂಟಿ ನವಿರಾದ ಬಲೆಯ ಹಾಗೆ ನಿಂತಿರುತ್ತದೆ. ನೀರೆಲ್ಲ ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡಿರುವುದರಿಂದಲೇ ಮೊಸರನ್ನು ಸೌಟಿನಲ್ಲಿ ಹೆರೆದರೆ ಹೋಳಾಗಿ ಬರುತ್ತದೆ. ಫ್ರೀಜರ್‌ನಲ್ಲಿ ಆ ನೀರು ಹರಳಾಗಿ ಉಬ್ಬಿದಾಗ ಬಲೆ ಅಲ್ಲಲ್ಲಿ ಹರಿಯುತ್ತದೆ, ಹರಿಯದ ಎಳೆಗಳು ಅಮುಕಿ ಗಂಟಾಗುತ್ತವೆ. ಕರಗಿದಾಗ ನೀರನ್ನು ಹಿಡಿದುಕೊಳ್ಳಲು ಬಲೆಯೇ ಇರುವುದಿಲ್ಲ. ನೀರು ಬೇರೆ, ಗಂಟು ಬೇರೆ. ಅತ್ತೆ ರವೆ ಎಂದದ್ದು ಆ ಗಂಟುಗಳನ್ನೇ.

ಯಾವ ಹಾಲು ಇಡಬಹುದು

ಪ್ಯಾಕೆಟ್ ಹಾಲಿನಲ್ಲಿ ಕೊಬ್ಬು ಕಡಿಮೆ ಇದ್ದಷ್ಟೂ ಕರಗಿದ ಮೇಲೆ ತೊಂದರೆ ಕಡಿಮೆ. ಕೊಬ್ಬು ಹಾಲಿನಲ್ಲಿ ಸಣ್ಣ ಸಣ್ಣ ಹನಿಗಳಾಗಿರುತ್ತದೆ, ಪ್ರತಿ ಹನಿಗೂ ತೆಳ್ಳನೆಯ ಪೊರೆ. ನೀರಿನ ಹರಳು ಆ ಪೊರೆಯನ್ನು ಚುಚ್ಚಿದರೆ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ, ಕಾಯಿಸಿದಾಗ ಎಣ್ಣೆಯ ಕಣ್ಣುಗಳಾಗಿ ಮೇಲೆ ತೇಲುತ್ತವೆ. 3% ಕೊಬ್ಬಿನ ಟೋನ್ಡ್ ಹಾಲಿನಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. 6% ಕೊಬ್ಬಿನ ಫುಲ್ ಕ್ರೀಮ್ ಹಾಲಿನಲ್ಲಿ ಢಾಳಾಗಿ ಕಾಣುತ್ತದೆ. ಪ್ಯಾಕೆಟ್ಟಿನ ಮೇಲೆ ಹೋಮೋಜಿನೈಸ್ಡ್ ಎಂದು ಬರೆದಿದ್ದರೆ ಇನ್ನೂ ಒಳ್ಳೆಯದು. ಆ ಹಾಲಿನಲ್ಲಿ ಕೊಬ್ಬಿನ ಹನಿಗಳನ್ನು ಯಂತ್ರದಲ್ಲಿ ಒಡೆದು ಬಹಳ ಚಿಕ್ಕದು ಮಾಡಿರುವುದರಿಂದ ಅವು ಅಷ್ಟು ಸುಲಭಕ್ಕೆ ಒಂದಾಗುವುದಿಲ್ಲ.

ಈಗ ಬೆಂಗಳೂರಿನಲ್ಲಿ ಎಷ್ಟೋ ಮನೆಗಳಿಗೆ ಗಾಜಿನ ಬಾಟಲಿಯಲ್ಲಿ ಫಾರ್ಮ್ ಹಾಲು ಬರುತ್ತದೆ. ಕೆನೆ ಕಟ್ಟುವ ಹಾಲು ಅದು. ಅದನ್ನು ಬಾಟಲಿ ಸಮೇತ ಫ್ರೀಜರ್‌ಗೆ ಇಡಬೇಡಿ, ಬಾಟಲಿ ಸೀಳುತ್ತದೆ. ಹಸಿ ಹಾಲಾಗಿದ್ದರೆ ಮೊದಲು ಉಕ್ಕುವ ತನಕ ಕಾಯಿಸಿ, ಆರಿಸಿ, ಕೆನೆ ಪೂರ್ತಿ ತೆಗೆದು ಡಬ್ಬಕ್ಕೆ ಹಾಕಿ. ಕೆನೆ ಬಿಟ್ಟರೆ ಅದು ಕರಗಿದ ಮೇಲೆ ಬೆಣ್ಣೆ ಕಾಳಿನ ಹಾಗೆ ಉದುರುದುರಾಗಿ ತೇಲುತ್ತದೆ, ಎಷ್ಟು ಕಡೆದರೂ ಬೆರೆಯುವುದಿಲ್ಲ. ತಿಂಗಳುಗಟ್ಟಲೆ ಹೊರಗೇ ಇಡಬಹುದಾದ ಡಬ್ಬಿ ಹಾಲನ್ನು, ಬಾಯಿ ತೆರೆಯದಿದ್ದರೆ, ಫ್ರೀಜ್ ಮಾಡುವ ಅಗತ್ಯವೇ ಇಲ್ಲ.

ಇನ್ನೊಂದು ಮುಖ್ಯ ವಿಷಯ. ಫ್ರೀಜರ್ ಹಾಲನ್ನು ಇದ್ದ ಸ್ಥಿತಿಯಲ್ಲಿ ನಿಲ್ಲಿಸುತ್ತದೆ, ಹಿಂದಕ್ಕೆ ತಿರುಗಿಸುವುದಿಲ್ಲ. ಬೆಳಗಿನಿಂದ ಅಡುಗೆಮನೆ ಕಟ್ಟೆಯ ಮೇಲಿದ್ದ ಹಾಲನ್ನು ಸಂಜೆ ಫ್ರೀಜರ್‌ಗೆ ತಳ್ಳಿದರೆ, ಅಷ್ಟರಲ್ಲಿ ಹುಟ್ಟಿದ ಹುಳಿ ಹಾಗೇ ಉಳಿಯುತ್ತದೆ. ಕರಗಿಸಿ ಒಲೆಯ ಮೇಲಿಟ್ಟ ಕೂಡಲೇ ಒಡೆಯುತ್ತದೆ, ಜನ ಫ್ರೀಜರನ್ನು ದೂರುತ್ತಾರೆ. ಪೂಜೆಗೋ ಪ್ರಯಾಣಕ್ಕೋ ಹಾಲು ಉಳಿಯಬಹುದು ಎನಿಸಿದರೆ ಪ್ಯಾಕೆಟ್ ಬಂದ ದಿನವೇ ಫ್ರೀಜರ್‌ಗೆ ಸೇರಿಸಿ.

ಇಡುವ ಕ್ರಮ

ನೀರು ಗಡ್ಡೆಯಾದಾಗ ನೂರಕ್ಕೆ 9 ಪಾಲು ಹಿಗ್ಗುತ್ತದೆ. ಅರ್ಧ ಲೀಟರ್ ಹಾಲಿನ ಲೆಕ್ಕದಲ್ಲಿ ಇದು ಸುಮಾರು 40 ಮಿಲಿ, ಅಂದರೆ ಎರಡೂವರೆ ದೊಡ್ಡ ಚಮಚೆಗಿಂತ ಸ್ವಲ್ಪ ಹೆಚ್ಚು. ಬಿಗಿ ಮುಚ್ಚಳದ ಡಬ್ಬಕ್ಕೆ ಕಂಠದ ತನಕ ಹಾಲು ಸುರಿದರೆ ಮುಚ್ಚಳ ಮೇಲಕ್ಕೆದ್ದುಬಿಡುತ್ತದೆ. ಮೇಲೆ ಎರಡು ಬೆರಳು ಜಾಗ ಬಿಡಿ.

ಪ್ಯಾಕೆಟ್ಟನ್ನು ಹಾಗೇ ಇಡುವುದಾದರೆ ಮೊದಲು ಹೊರಗೆ ತೊಳೆದು ಒರೆಸಿ. ಅಂಗಡಿಯ ಕ್ರೇಟಿನಲ್ಲಿ ಬೇರೆ ಪ್ಯಾಕೆಟ್ ಸೋರಿ ಇದಕ್ಕೆ ಹತ್ತಿದ್ದ ಹಾಲು ಒಣಗಿ ಹುಳಿ ವಾಸನೆ ಬರುತ್ತದೆ. ಮತ್ತೆ ಅಂಚನ್ನು ಹಿಡಿದು ಮೆಲ್ಲಗೆ ಒತ್ತಿ, ಹನಿ ಜಿನುಗುತ್ತದೆಯೇ ನೋಡಿ. ಜಿನುಗಿದರೆ ಅದನ್ನು ಅಂದೇ ಕಾಯಿಸಿ ಮುಗಿಸಿ. ಸರಿಯಾಗಿರುವ ಪ್ಯಾಕೆಟ್ಟನ್ನು ಇನ್ನೊಂದು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಒಂದು ತಟ್ಟೆಯ ಮೇಲೆ ಅಂಗಾತ ಮಲಗಿಸಿ ಇಡಿ. ಮಲಗಿಸುವುದಕ್ಕೆ ಕಾರಣವಿದೆ. ಹಾಲು ತೆಳುವಾಗಿ ಹರಡಿದಷ್ಟೂ ಬೇಗ ಗಡ್ಡೆಯಾಗುತ್ತದೆ, ಬೇಗ ಗಡ್ಡೆಯಾದಷ್ಟೂ ನೀರಿನ ಹರಳು ಚಿಕ್ಕದಾಗಿರುತ್ತದೆ, ಹರಳು ಚಿಕ್ಕದಾದಷ್ಟೂ ಕೊಬ್ಬಿನ ಪೊರೆಗೆ ಪೆಟ್ಟು ಕಡಿಮೆ. ನಾಲ್ಕು ಪ್ಯಾಕೆಟ್ಟನ್ನು ಒಂದರ ಮೇಲೊಂದು ಪೇರಿಸಿದರೆ ನಡುವಿನದು ಗಡ್ಡೆಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಮೊದಲ ರಾತ್ರಿ ಬೇರೆಬೇರೆಯಾಗಿ ಇಟ್ಟು, ಗಟ್ಟಿಯಾದ ಮೇಲೆ ಬೇಕಾದರೆ ಪೇರಿಸಿ. ಚೀಲದ ಮೇಲೆ ಇಟ್ಟ ತಾರೀಕು ಬರೆಯಿರಿ.

ಎಷ್ಟು ದಿನ ಎಂಬುದು ನಿಮ್ಮ ಫ್ರಿಜ್ಜಿನ ಮೇಲೆ ನಿಂತಿದೆ. ಎರಡು ಬಾಗಿಲಿನ ಫ್ರಿಜ್ಜಿನಲ್ಲಿ ಫ್ರೀಜರ್ ಸಾಮಾನ್ಯವಾಗಿ −18 ಡಿಗ್ರಿಯ ಹತ್ತಿರ ಇರುತ್ತದೆ. ಅಂಥದರಲ್ಲಿ ನಾನು ಒಂದು ತಿಂಗಳ ತನಕ ಇಡುತ್ತೇನೆ. ಒಂದೇ ಬಾಗಿಲಿದ್ದು ಒಳಗೆ ಚಿಕ್ಕ ಮುಚ್ಚಳದ ಫ್ರೀಜರ್ ಇರುವಂಥದ್ದು ಅಷ್ಟು ತಣ್ಣಗಿರುವುದಿಲ್ಲ, ಅದರಲ್ಲಿ ಹತ್ತು ಹನ್ನೆರಡು ದಿನ ಸಾಕು. ಫ್ರೀಜರ್ ಕಡಿಮೆ ತಣ್ಣಗಿದ್ದರೆ ಗಡ್ಡೆಯೊಳಗೆ ಒಂದಿಷ್ಟು ನೀರು ನೀರಾಗಿಯೇ ಉಳಿದು, ಅದರಲ್ಲಿ ಒತ್ತೊತ್ತಾಗಿ ಸೇರಿದ ಲವಣ ಪ್ರೋಟೀನನ್ನು ನಿಧಾನವಾಗಿ ಗಂಟು ಮಾಡುತ್ತ ಹೋಗುತ್ತದೆ. ದಿನ ಕಳೆದಷ್ಟೂ ಹಾಲು ಕರಗಿದಾಗ ತಳದಲ್ಲಿ ಬಿಳಿ ಚೂರುಗಳು ಹೆಚ್ಚಾಗುವುದು ಇದರಿಂದ. ಫ್ರೀಜರ್ ಬಾಗಿಲಿನ ಕಪಾಟಿನಲ್ಲಿ ಹಾಲು ಇಡಬೇಡಿ. ಬಾಗಿಲು ತೆರೆದಾಗಲೆಲ್ಲ ಅಲ್ಲಿ ತುಸು ಕರಗಿ ಮತ್ತೆ ಗಡ್ಡೆಯಾಗುತ್ತದೆ, ಹಾಗಾದಾಗಲೆಲ್ಲ ಹರಳು ದಪ್ಪವಾಗುತ್ತದೆ.

ಊರಿಗೆ ಹೋಗಿದ್ದಾಗ ಕರೆಂಟು ಎಷ್ಟು ಹೊತ್ತು ಹೋಗಿತ್ತು ಎಂದು ಬಂದ ಮೇಲೆ ತಿಳಿಯುವುದು ಹೇಗೆ? ಒಂದು ಚಿಕ್ಕ ಲೋಟದಲ್ಲಿ ನೀರು ಹಾಕಿ ಗಡ್ಡೆಯಾಗಲು ಬಿಡಿ. ಗಟ್ಟಿಯಾದ ಮೇಲೆ ಅದರ ಮೇಲೊಂದು ರೂಪಾಯಿ ನಾಣ್ಯ ಇಟ್ಟು, ಹಾಲಿನ ಪಕ್ಕದಲ್ಲೇ ಬಿಟ್ಟು ಹೋಗಿ. ತಿರುಗಿ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ಗಡ್ಡೆಯೊಳಗೆ ಮುಳುಗಿ ಕೂತಿದ್ದರೆ ಎಲ್ಲ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ, ಆ ಹಾಲನ್ನು ಬಳಸಬೇಡಿ.

ಕರಗಿಸುವಾಗ ಅವಸರ ಬೇಡ

ಫ್ರೀಜರ್‌ನಿಂದ ತೆಗೆದ ಹಾಲು ತುಸು ಹಳದಿಯಾಗಿ ಕಂಡರೆ ಗಾಬರಿಯಾಗಬೇಡಿ. ಹಾಲಿನಲ್ಲಿರುವ ರೈಬೋಫ್ಲೇವಿನ್ ಎಂಬ ಜೀವಸತ್ವದ ಬಣ್ಣ ಅದು. ನೀರು ಬೇರೆಯಾಗಿ ಗಡ್ಡೆಯಾದಾಗ ಆ ಬಣ್ಣ ಒಂದೆಡೆ ಸೇರಿ ಎದ್ದು ಕಾಣುತ್ತದೆ, ಕರಗಿದ ಮೇಲೆ ಹಾಲು ಮತ್ತೆ ಬೆಳ್ಳಗಾಗುತ್ತದೆ.

ಕರಗಿಸಲು ಸರಿಯಾದ ಜಾಗ ಫ್ರಿಜ್ಜಿನ ಕೆಳಭಾಗ. ಪ್ಯಾಕೆಟ್ಟನ್ನು ಒಂದು ಪಾತ್ರೆಯೊಳಗೇ ಇಡಿ. ಗಡ್ಡೆಯಾಗಿದ್ದಾಗ ಗೊತ್ತಾಗದ ಸಣ್ಣ ತೂತು ಕರಗಿದಾಗ ಸೋರಿ ಕೆಳಗಿನ ತರಕಾರಿಯನ್ನೆಲ್ಲ ನೆನೆಸಿಬಿಡುತ್ತದೆ, ನಮ್ಮಲ್ಲಿ ಒಮ್ಮೆ ಹಾಗಾಯಿತು. ಮಲಗಿಸಿ ಗಡ್ಡೆ ಮಾಡಿದ ಅರ್ಧ ಲೀಟರ್ ಪ್ಯಾಕೆಟ್ ರಾತ್ರಿ ಊಟ ಮುಗಿಸಿ ಇಟ್ಟರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಕರಗುತ್ತದೆ. ಬೇಗ ಬೇಕಿದ್ದರೆ ದೊಡ್ಡ ಪಾತ್ರೆಯಲ್ಲಿ ನಲ್ಲಿಯ ತಣ್ಣೀರು ತುಂಬಿ ಪ್ಯಾಕೆಟ್ಟನ್ನು ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಸುಮಾರು ಒಂದು ಗಂಟೆಯಲ್ಲಿ ಕರಗುತ್ತದೆ. ಬಿಸಿ ನೀರು ಹಾಕಿದರೆ ಹೊರಗಿನ ಹಾಲು ಬೆಚ್ಚಗಾಗಿ ಹುಳಿಯಾಗತೊಡಗುವಾಗಲೂ ಒಳಗೆ ಗಡ್ಡೆ ಇದ್ದೇ ಇರುತ್ತದೆ. ಏಪ್ರಿಲ್ ತಿಂಗಳ ಅಡುಗೆಮನೆಯಲ್ಲಿ ಕಟ್ಟೆಯ ಮೇಲೆ ಬಿಟ್ಟರೂ ಅದೇ ಆಗುವುದು.

ಪೂರ್ತಿ ಕರಗುವ ಮೊದಲೇ ಬಗ್ಗಿಸಬೇಡಿ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೊನೆಯಲ್ಲಿ ಗಡ್ಡೆಯಾದದ್ದು ಮೊದಲು ಕರಗುತ್ತದೆ, ಮತ್ತು ಸಕ್ಕರೆ, ಲವಣ, ಪ್ರೋಟೀನು ಹೆಚ್ಚಿರುವುದು ಅದರಲ್ಲೇ. ಮೊದಲು ಹರಿದು ಬರುವ ಹಾಲು ದಪ್ಪಗೆ, ಸಿಹಿಯಾಗಿರುತ್ತದೆ. ಕೊನೆಗೆ ಉಳಿಯುವ ಗಡ್ಡೆ ಬರೀ ನೀರಿನಂತಿರುತ್ತದೆ. ಒಮ್ಮೆ ಬೆಳಗಿನ ಆತುರದಲ್ಲಿ ಅರ್ಧ ಕರಗಿದ ಪ್ಯಾಕೆಟ್ಟಿನಿಂದ ಎರಡು ಲೋಟದಷ್ಟು ಹಾಲು ಬಗ್ಗಿಸಿ ಕಾಫಿ ಮಾಡಿದೆ. ಎಲ್ಲರೂ ಚೆನ್ನಾಗಿದೆ ಎಂದರು. ಸಂಜೆ ಉಳಿದದ್ದರಲ್ಲಿ ಮಾಡಿದ ಕಾಫಿ ಹಾಲಿಗೆ ನೀರು ಬೆರೆಸಿದ ಹಾಗಿತ್ತು, ಯಜಮಾನರು "ಹಾಲಿನವರು ಮೋಸ ಮಾಡ್ತಿದಾರೇನೋ" ಎಂದು ಕೇಳಿದರು. ಹಾಲಿನವರ ತಪ್ಪೇನೂ ಇರಲಿಲ್ಲ.

ಗಡ್ಡೆಯನ್ನು ನೇರವಾಗಿ ಪಾತ್ರೆಗೆ ಹಾಕಿ ಒಲೆ ಹಚ್ಚಿದರೂ ಇದೇ ಕಾರಣಕ್ಕೆ ತಳ ಹಿಡಿಯುತ್ತದೆ. ಮೊದಲು ಕರಗಿದ ದಪ್ಪ ಹಾಲು ತಳದಲ್ಲಿ ಸುಡುತ್ತಿರುವಾಗ ಮೇಲೆ ಗಡ್ಡೆ ತೇಲುತ್ತಿರುತ್ತದೆ. ಬೇರೆ ದಾರಿಯಿಲ್ಲ ಎಂದಾದರೆ ದಪ್ಪ ತಳದ ಪಾತ್ರೆಗೆ ಕಾಲು ಲೋಟ ನೀರು ಹಾಕಿ, ಉರಿ ಪೂರ್ತಿ ಸಣ್ಣಗಿಟ್ಟು, ಗಡ್ಡೆ ಕರಗುವ ತನಕ ಕೈ ಬಿಡದೆ ತಿರುವಿ.

ಕರಗಿದ ಹಾಲನ್ನು ನೋಡಿ ಓದುವುದು

ಕರಗಿದ ಪ್ಯಾಕೆಟ್ಟನ್ನು ಕತ್ತರಿಸುವ ಮೊದಲು ಹತ್ತು ಹದಿನೈದು ಸಲ ಚೆನ್ನಾಗಿ ಕುಲುಕಿ. ಆಮೇಲೆ ಸ್ಟೀಲ್ ಪಾತ್ರೆಗೆ ಬಗ್ಗಿಸಿ ಬೆಳಕಿಗೆ ಹಿಡಿದರೆ ಪಾತ್ರೆಯ ಗೋಡೆಯ ಮೇಲೆ ಸಣ್ಣ ಬಿಳಿ ಚುಕ್ಕೆಗಳು ಅಂಟಿಕೊಂಡಿರುವುದು ಕಾಣಬಹುದು. ಈ ಚುಕ್ಕೆ ಎರಡು ಬಗೆಯದು, ಬೇರ್ಪಡಿಸಿ ನೋಡಲು ಕಲಿತರೆ ಒಳ್ಳೆಯ ಹಾಲನ್ನು ಚೆಲ್ಲುವುದೂ ತಪ್ಪುತ್ತದೆ, ಕೆಟ್ಟದ್ದನ್ನು ಕುಡಿಯುವುದೂ ತಪ್ಪುತ್ತದೆ.

ಫ್ರೀಜರ್‌ನಿಂದ ಆದ ಚುಕ್ಕೆ ಬೆರಳಿನ ನಡುವೆ ತಿಕ್ಕಿದರೆ ಕರಗಿದ ಹಾಗಾಗುತ್ತದೆ. ಸುತ್ತಲಿನ ಹಾಲು ಬೆಳ್ಳಗೇ ಇರುತ್ತದೆ, ವಾಸನೆ ತಾಜಾ ಹಾಲಿನದೇ. ಬೆಚ್ಚಗೆ ಮಾಡಿ ಕಡೆದರೆ ಹೆಚ್ಚಿನವು ಮಾಯವಾಗುತ್ತವೆ. ಹುಳಿಯಿಂದ ಒಡೆದ ಹಾಲಿನಲ್ಲಿ ಗಂಟುಗಳು ದೊಡ್ಡದಾಗಿರುತ್ತವೆ, ನಡುವೆ ತಿಳಿ ಹಸಿರು ಛಾಯೆಯ ನೀರು ಬಿಟ್ಟಿರುತ್ತದೆ, ಮೂಗಿಗೆ ಹುಳಿ ತಟ್ಟುತ್ತದೆ. ಅನುಮಾನವಿದ್ದರೆ ಅಷ್ಟನ್ನೂ ಒಲೆಗೆ ಏರಿಸುವ ಮೊದಲು ಒಂದು ಸೌಟು ಹಾಲನ್ನು ಚಿಕ್ಕ ಪಾತ್ರೆಯಲ್ಲಿ ಕುದಿಸಿ. ಒಡೆಯದಿದ್ದರೆ ಉಳಿದದ್ದೂ ಒಡೆಯುವುದಿಲ್ಲ.

ಕಾಯಿಸಿದ ಮೇಲೆ ಎಣ್ಣೆಯ ಕಣ್ಣು ತೇಲಿದರೆ ಅದು ಕೊಬ್ಬು ಬೇರೆಯಾದ ಗುರುತು, ಕೆಟ್ಟ ಗುರುತಲ್ಲ. ಬಿಸಿಯಿರುವಾಗಲೇ ಕಡಗೋಲಿನಲ್ಲೋ ವಿಸ್ಕ್‌ನಲ್ಲೋ ಅರ್ಧ ನಿಮಿಷ ಕಡೆದರೆ ಕಾಫಿಗೆ ಸಾಕಾಗುವಷ್ಟು ಬೆರೆಯುತ್ತದೆ. ಫಿಲ್ಟರ್ ಕಾಫಿಯ ಡಿಕಾಕ್ಷನ್ ತುಸು ಆಮ್ಲೀಯವಾದ್ದರಿಂದ ಹಾಲಿನಲ್ಲಿ ಉಳಿದಿರುವ ಚುಕ್ಕೆ ಅಲ್ಲಿ ಎದ್ದು ತೋರುತ್ತದೆ. ಹಾಗಾಗಿ ಮೂರ್ನಾಲ್ಕು ವಾರ ಫ್ರೀಜರ್‌ನಲ್ಲಿದ್ದ ಹಾಲನ್ನು ನಾನು ಕಾಫಿಗೆ ಬಳಸುವುದಿಲ್ಲ. ಶ್ಯಾವಿಗೆ ಪಾಯಸ, ಪನೀರು ಮತ್ತು ಮೊಸರಿಗೆ ಅದು ಚೆನ್ನಾಗಿ ಒದಗುತ್ತದೆ. ಒಮ್ಮೆ ಕರಗಿದ ಹಾಲನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ, ಕಾಯಿಸಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ.

ಮೊಸರು ಆಗಲೇ ಫ್ರೀಜರ್ ಸೇರಿಬಿಟ್ಟಿದ್ದರೆ

ಆ ಪೂಜೆಯ ಮೊಸರನ್ನು ನಾನು ಚೆಲ್ಲಲಿಲ್ಲ. ಅರ್ಧ ಲೀಟರಿನ ಒಂದು ಡಬ್ಬವನ್ನು ಮೆಲ್ಲಗೆ ಓರೆ ಮಾಡಿದಾಗ ಮುಟ್ಟದೆಯೇ ಒಂದು ಕಾಫಿ ಲೋಟದಷ್ಟು ತಿಳಿ ನೀರು ಇಳಿಯಿತು. ಪೂಜೆಯ ದಿನ ಅದೇ ಮೊಸರನ್ನು ಹೆರೆದಾಗ ಗುಂಡಿಯಲ್ಲಿ ಒಂದೆರಡು ಚಮಚೆ ನೀರು ಕೂಡ ನಿಂತಿರಲಿಲ್ಲ. ಉಳಿದ ಗಟ್ಟಿ ಭಾಗವನ್ನು ಚಮಚೆಯಲ್ಲಿ ತಿರುವಿದರೆ ನುಣುಪಾಗುವ ಬದಲು ಕಾಳುಕಾಳಾಗಿ ಚಮಚೆಗೆ ಹತ್ತುತ್ತಿತ್ತು. ಮಿಕ್ಸಿಯಲ್ಲಿ ತಿರುಗಿಸಿದಾಗ ಕಾಳು ಸಣ್ಣಗಾಯಿತು, ಆದರೆ ನೀರಾಯಿತು. ಹರಿದ ಬಲೆ ತಿರುಗಿ ಹೆಣೆಯುವುದಿಲ್ಲ. ಮೊಸರನ್ನಕ್ಕೆ, ರಾಯಿತಕ್ಕೆ, ತಟ್ಟೆಗೆ ಹಾಗೇ ಬಡಿಸಲಿಕ್ಕೆ ಅದು ಆಗುವುದಿಲ್ಲ ಎಂದು ಅಲ್ಲಿಗೆ ಬಿಟ್ಟೆ.

ಮಜ್ಜಿಗೆಗೆ ಅದು ಪೂರ್ತಿ ಆಗುತ್ತದೆ, ಏಕೆಂದರೆ ಮಜ್ಜಿಗೆಯಲ್ಲಿ ಹೇಗಿದ್ದರೂ ಬಲೆ ಮುರಿದೇ ಕಡೆಯುತ್ತೇವೆ. ಬಿಟ್ಟ ನೀರನ್ನೂ ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿ, ಇಂಗು, ಶುಂಠಿ, ಕರಿಬೇವು ಹಾಕಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಜ್ಜಿಗೆ ಹುಳಿಗೆ ಹಾಕುವಾಗ ಮಾತ್ರ ಎಚ್ಚರ ಬೇಕು. ಈ ಮೊಸರು ಬಿಸಿ ತಾಗಿದೊಡನೆ ಇನ್ನಷ್ಟು ಒಡೆಯುತ್ತದೆ. ನೆನೆಸಿದ ಕಡಲೆಬೇಳೆಯನ್ನು ತೆಂಗಿನಕಾಯಿಯ ಜೊತೆ ಎಂದಿಗಿಂತ ಒಂದು ಚಮಚೆ ಹೆಚ್ಚಾಗಿ ನುಣ್ಣಗೆ ರುಬ್ಬಿ, ತಣ್ಣಗಿರುವಾಗಲೇ ಮೊಸರಿಗೆ ಬೆರೆಸಿ, ಆಮೇಲೆ ಸಣ್ಣ ಉರಿಯಲ್ಲಿ ತಿರುವುತ್ತ ಬಿಸಿ ಮಾಡಿ, ಅಂಚಿನಲ್ಲಿ ನೊರೆ ಏಳುವಾಗ ಇಳಿಸಿ. ಕಡಲೆಬೇಳೆಯ ಹಿಟ್ಟು ಪ್ರೋಟೀನಿನ ಗಂಟುಗಳ ನಡುವೆ ನಿಂತು ಅವನ್ನು ಒಂದಾಗಲು ಬಿಡುವುದಿಲ್ಲ. ದೋಸೆ, ಇಡ್ಲಿ ರವೆ, ಚಪಾತಿ ಹಿಟ್ಟು ಕಲಸಲೂ ಇದು ನಡೆಯುತ್ತದೆ.

ಹೆಪ್ಪಿನ ಗಡ್ಡೆ

ಮೊಸರಿನ ಹದ ಕೆಟ್ಟರೂ ಅದನ್ನು ಮೊಸರು ಮಾಡಿದ ಬ್ಯಾಕ್ಟೀರಿಯಾ ಪೂರ್ತಿ ಸಾಯುವುದಿಲ್ಲ. ಒಂದು ಪಾಲು ಸಾಯುತ್ತದೆ, ಉಳಿದವು ಗಡ್ಡೆಯಲ್ಲಿ ಸುಮ್ಮನೆ ಮಲಗಿರುತ್ತವೆ. ಊರಿಂದ ಬಂದ ದಿನ ಹೆಪ್ಪಿಗೆ ಪಕ್ಕದ ಮನೆ ಬಾಗಿಲು ತಟ್ಟುವ ಕೆಲಸ ಇದರಿಂದ ತಪ್ಪಿತು.

ಅಂದೇ ಹೆಪ್ಪಾದ, ಇನ್ನೂ ಸಿಹಿಯಾಗಿರುವ ಮೊಸರನ್ನು ತೆಗೆದುಕೊಳ್ಳಿ. ಹುಳಿ ಬಂದ ಮೊಸರಿನಲ್ಲಿ ಬ್ಯಾಕ್ಟೀರಿಯಾ ಆಗಲೇ ಸೊರಗಿರುತ್ತದೆ. ನೀರು ಸೇರಿಸದೆ ಚಮಚೆಯಲ್ಲಿ ನುಣ್ಣಗೆ ಕಲಸಿ, ಕುದಿನೀರಿನಲ್ಲಿ ತೊಳೆದು ಒಣಗಿಸಿದ ಐಸ್ ಟ್ರೇಗೆ ತುಂಬಿ. ಟ್ರೇಯ ಒಂದು ಗುಳಿಗೆ ಸುಮಾರು 15 ಮಿಲಿ, ಅಂದರೆ ಒಂದು ದೊಡ್ಡ ಚಮಚೆ ಹಿಡಿಯುತ್ತದೆ. ಅರ್ಧ ಲೀಟರ್ ಹಾಲಿಗೆ ಅಷ್ಟು ಹೆಪ್ಪು ಸಾಕು. ರಾತ್ರಿಯಿಡೀ ಗಡ್ಡೆಯಾದ ಮೇಲೆ ಟ್ರೇಯಿಂದ ಬಿಡಿಸಿ ಚಿಕ್ಕ ಸ್ಟೀಲ್ ಡಬ್ಬಕ್ಕೆ ಹಾಕಿ ಮುಚ್ಚಿ. ತೆರೆದಿಟ್ಟರೆ ಮೀನು, ಬೆಳ್ಳುಳ್ಳಿ, ಏನಿದ್ದರೂ ಅದರ ವಾಸನೆ ಎಳೆದುಕೊಳ್ಳುತ್ತದೆ. ಒಂದು ತಿಂಗಳ ತನಕ ಒಂದು ಗಡ್ಡೆ ಸಾಕಾಗುತ್ತದೆ, ಅದಕ್ಕಿಂತ ಹಳೆಯದಾದರೆ ಎರಡು ಹಾಕಿ.

ಬಳಸುವಾಗ ಗಡ್ಡೆಯನ್ನು ನೇರವಾಗಿ ಬೆಚ್ಚನೆಯ ಹಾಲಿಗೆ ಹಾಕುವವರಿದ್ದಾರೆ. ಅರ್ಧ ಲೀಟರ್ ಹಾಲನ್ನು ಆ ಒಂದು ಗಡ್ಡೆ ಮೂರರಿಂದ ನಾಲ್ಕು ಡಿಗ್ರಿ ತಣ್ಣಗೆ ಮಾಡುತ್ತದೆ, ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಅಷ್ಟೇ ಸಾಕು ಹೆಪ್ಪು ಹಿಡಿಯದಿರಲು. ಬಟ್ಟಲಲ್ಲಿ ಮೊದಲೇ ಕರಗಿಸಿ, ಎರಡು ಚಮಚೆ ಬೆಚ್ಚನೆಯ ಹಾಲು ಬೆರೆಸಿ, ಗಂಟಿಲ್ಲದಂತೆ ಕಲಸಿ, ಆಮೇಲೆ ಹಾಲಿಗೆ ಸೇರಿಸಿ. ಹೆಪ್ಪಿನಲ್ಲಿ ಕಾಳು ಕಂಡರೆ ಚಿಂತೆ ಬೇಡ. ಹೊಸ ಮೊಸರಿನ ಬಲೆಯನ್ನು ಕಟ್ಟುವುದು ಹೊಸ ಹಾಲಿನ ಪ್ರೋಟೀನು.

ಹತ್ತು ದಿನದ ಪ್ರಯಾಣ, ನಮ್ಮ ಮನೆಯ ಲೆಕ್ಕ

ಈ ಜನವರಿಯಲ್ಲಿ ಹತ್ತು ದಿನ ಧರ್ಮಸ್ಥಳ, ಉಡುಪಿ ಕಡೆ ಹೋಗಿದ್ದೆವು. ಹೊರಡುವ ಹಿಂದಿನ ದಿನ ಬೆಳಿಗ್ಗೆ ಬಂದ ಟೋನ್ಡ್ ಹಾಲಿನ ಮೂರು ಅರ್ಧ ಲೀಟರ್ ಪ್ಯಾಕೆಟ್ಟನ್ನು ತೊಳೆದು ಫ್ರೀಜರ್‌ನ ಹಿಂಬದಿಯಲ್ಲಿ ಮಲಗಿಸಿದೆ. ಆ ದಿನದ ಮೊಸರಿನಲ್ಲಿ ನಾಲ್ಕು ಹೆಪ್ಪಿನ ಗಡ್ಡೆ ಮಾಡಿ, ಉಳಿದ ಮೊಸರನ್ನು ರಾತ್ರಿ ಮೊಸರನ್ನಕ್ಕೆ ಮುಗಿಸಿದೆವು. ನಾಣ್ಯದ ಲೋಟವನ್ನೂ ಇಟ್ಟೆ.

ತಿರುಗಿ ಬಂದದ್ದು ಸಂಜೆ ಐದಕ್ಕೆ. ನಾಣ್ಯ ಮೇಲೆಯೇ ಇತ್ತು. ಎರಡು ಪ್ಯಾಕೆಟ್ಟನ್ನು ತಣ್ಣೀರಿನಲ್ಲಿ ಮುಳುಗಿಸಿ, ಮೂರನೆಯದನ್ನು ಮರುದಿನದ ಕಾಫಿಗೆಂದು ಫ್ರಿಜ್ಜಿನ ಕೆಳಗೆ ಇಟ್ಟೆ. ಒಂದು ಹೆಪ್ಪಿನ ಗಡ್ಡೆಯನ್ನು ಬಟ್ಟಲಿಗೆ ಹಾಕಿದೆ. ಆರೂಕಾಲಕ್ಕೆ ಹಾಲು ಪೂರ್ತಿ ಕರಗಿತು. ಒಂದು ಪ್ಯಾಕೆಟ್ ಅಂದಿನ ಕಾಫಿಗೆ ಹೋಯಿತು, ಮೇಲೆ ಒಂದೆರಡು ಎಣ್ಣೆ ಕಣ್ಣು ಬಂದದ್ದನ್ನು ಕಡೆದು ಬೆರೆಸಿದೆ. ಇನ್ನೊಂದನ್ನು ಮೊಸರಿಗೆಂದು ಕಾಯಿಸಿದೆ. ಮೊಸರಿಗಾದರೆ ಒಂದು ಕುದಿಗೆ ಇಳಿಸದೆ ಸಣ್ಣ ಉರಿಯಲ್ಲಿ ಇನ್ನೂ ಐದು ನಿಮಿಷ ಬಿಡುತ್ತೇನೆ. ಆಗ ಹಾಲಿನ ಇನ್ನೊಂದು ಬಗೆಯ ಪ್ರೋಟೀನು ಬಲೆ ಕಟ್ಟುವ ಪ್ರೋಟೀನಿಗೆ ಅಂಟಿಕೊಂಡು ಬಲೆಯನ್ನು ಬಿಗಿ ಮಾಡುತ್ತದೆ, ಮೊಸರು ನೀರು ಬಿಡುವುದು ಕಡಿಮೆ.

ಹಾಲು ಆರಿ, ಕಿರುಬೆರಳು ಅದ್ದಿ ಹತ್ತು ಎಣಿಸುವ ತನಕ ಹಿತವಾಗಿ ಬೆಚ್ಚಗಿರುವ ಹದಕ್ಕೆ, ಅಂದರೆ 40 ಡಿಗ್ರಿಯ ಆಸುಪಾಸಿಗೆ ಬಂದಾಗ ರಾತ್ರಿ ಎಂಟಾಗಿತ್ತು. ಹೆಪ್ಪು ಬೆರೆಸಿ, ಪಾತ್ರೆಗೆ ದಪ್ಪ ಟವೆಲ್ ಸುತ್ತಿ, ಆರಿಸಿದ ಓವನ್‌ನೊಳಗೆ ಇಟ್ಟೆ. ಎಂದಿನ ಹೆಪ್ಪಾಗಿದ್ದರೆ ಬೆಳಿಗ್ಗೆ ಐದಕ್ಕೆಲ್ಲ ಮೊಸರಾಗಿರುತ್ತಿತ್ತು. ಇದು ಏಳಕ್ಕೆ ನೋಡಿದಾಗ ಅಂಚಿನಲ್ಲಿ ಮಾತ್ರ ನಿಂತಿತ್ತು, ನಡುವೆ ಅಲುಗಾಡುತ್ತಿತ್ತು. ಮುಚ್ಚಿ ಬಿಟ್ಟೆ. ಮಲಗಿದ್ದ ಬ್ಯಾಕ್ಟೀರಿಯಾ ಏಳಲು ಎರಡು ಮೂರು ಗಂಟೆ ಹೆಚ್ಚು ಬೇಕು, ಆ ಹೊತ್ತಿನಲ್ಲಿ ಪಾತ್ರೆ ಅಲುಗಾಡಿಸಿದರೆ ಕಟ್ಟುತ್ತಿರುವ ಬಲೆ ಹರಿದು ಮೊಸರು ಲೋಳೆಯಾಗುತ್ತದೆ. ಒಂಬತ್ತೂವರೆಗೆ ಸೌಟು ಇಳಿಸಿದಾಗ ಮೊಸರು ನಿಂತಿತ್ತು. ಪ್ರತಿದಿನದ್ದಕ್ಕಿಂತ ಒಂದು ಪಾಲು ಮೆತ್ತಗೆ, ಕಾಳಿಲ್ಲದೆ ನುಣುಪಾಗಿ.

ಅದರಲ್ಲೇ ಒಂದು ಚಮಚೆ ಎತ್ತಿಟ್ಟು ಅಂದು ರಾತ್ರಿ ಮತ್ತೆ ಹೆಪ್ಪು ಹಾಕಿದೆ. ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದಾಗ ಸೌಟಿಗೆ ಹೋಳಾಗಿ ಬಂತು. ಅತ್ತೆ ಪಾತ್ರೆಯನ್ನು ಓರೆ ಮಾಡಿ ನೀರು ಬಿಟ್ಟಿದೆಯೇ ನೋಡಿ, ಒಂದು ಹೋಳು ತಟ್ಟೆಗೆ ಹಾಕಿಕೊಂಡು, "ಇನ್ನು ಮೂರು ಗಡ್ಡೆ ಉಳಿದಿದೆಯಲ್ಲ, ಒಂದನ್ನ ಪಕ್ಕದ ಮನೆಯವರಿಗೆ ಕೊಡು, ಅವರೂ ನಿನ್ನೆ ಊರಿಂದ ಬಂದಿದಾರೆ" ಎಂದರು.